ಮೊದಲ ಬಿಡುಗಡೆಗೆ ಏನೇನು ಬೇಕು? ಗೋಡೆಗೆ ಚೀಟಿ ಅಂಟಿಸಿ ನೋಡಿ

ಮಂಗಳೂರಿನ ಒಂದು ಮೀನಿನಂಗಡಿಗೆ, ಮನೆಗೇ ಮೀನು ತಲುಪಿಸುವ ಆ್ಯಪ್ ಬೇಕು ಅಂದುಕೊಳ್ಳಿ. ಕೆಲಸಗಳ ಪಟ್ಟಿ ಬರೆಯಲು ಕೂತರೆ ಲಾಗಿನ್, ಹುಡುಕಾಟ, ಪೇಮೆಂಟ್, ರೇಟಿಂಗ್ ಅಂತ ಬೆಳೆಯುತ್ತಲೇ ಹೋಗುತ್ತದೆ. ಯಾವುದನ್ನು ಮೊದಲು ಮಾಡಬೇಕು ಅಂತ ಆ ಪಟ್ಟಿ ಹೇಳುವುದಿಲ್ಲ. ಅದನ್ನು ಹೇಳುವುದು ಸ್ಟೋರಿ ಮ್ಯಾಪ್, ಅಂದರೆ ಆ್ಯಪ್ ಬಳಸುವವರ ಕಥೆಯನ್ನು ಚೀಟಿಗಳಲ್ಲಿ ಬರೆದು ಗೋಡೆಯ ಮೇಲೆ ಜೋಡಿಸಿದ ನಕ್ಷೆ.

ಮೊದಲು ಒಂದು ದಿನದ ವ್ಯವಹಾರವನ್ನು ನಡೆಯುವ ಕ್ರಮದಲ್ಲೇ, ಒಂದೊಂದು ಚೀಟಿಯಲ್ಲಿ ಬರೆದು ಎಡದಿಂದ ಬಲಕ್ಕೆ ಅಂಟಿಸಿ. ಅಂಗಡಿಯವರು ಇವತ್ತಿನ ಮೀನು, ರೇಟು ಹಾಕುತ್ತಾರೆ. ಗಿರಾಕಿ ನೋಡಿ ಆರ್ಡರ್ ಕೊಡುತ್ತಾರೆ. ಅಂಗಡಿಯಲ್ಲಿ ತೂಗಿ, ಕ್ಲೀನ್ ಮಾಡುತ್ತಾರೆ. ಮನೆಗೆ ತಲುಪಿಸಿ ದುಡ್ಡು ತಗೊಳ್ಳುತ್ತಾರೆ. ಇದನ್ನು ಅಂಗಡಿಯವರನ್ನು ಜೊತೆಗೆ ಕೂರಿಸಿಕೊಂಡೇ ಮಾಡಿ. ದಕ್ಕೆಯಿಂದ ಮೀನು ಬರುವ ತನಕ ಆ ದಿನದ ರೇಟು ಗೊತ್ತಾಗುವುದಿಲ್ಲ ಎಂಬಂಥ ಸಂಗತಿ ಅವರ ಬಾಯಿಂದಲೇ ಬರಬೇಕು.

ಆಮೇಲೆ ಪ್ರತಿ ಚೀಟಿಯ ಕೆಳಗೆ, ಅದನ್ನು ಮಾಡುವ ಬೇರೆ ಬೇರೆ ದಾರಿಗಳನ್ನು ಅಂಟಿಸಿ. ತೀರಾ ಬೇಕಾದದ್ದು ಮೇಲೆ, ಆಮೇಲೆ ಆದರೂ ನಡೆಯುವಂಥದ್ದು ಕೆಳಗೆ. ದುಡ್ಡಿನ ಕೆಳಗೆ ‘ಮನೆ ಬಾಗಿಲಲ್ಲಿ ನಗದು ಅಥವಾ ಯುಪಿಐ’ ಮೇಲಿರಲಿ, ‘ಆ್ಯಪ್‌ನಲ್ಲೇ ಪೇಮೆಂಟ್’ ಕೆಳಗಿರಲಿ.

ಈಗ ಅಡ್ಡಗೆರೆ ಎಳೆಯಬೇಕು: ಗೆರೆಯಿಂದ ಮೇಲಿನದು ಮೊದಲ ಬಿಡುಗಡೆಗೆ, ಕೆಳಗಿನದು ಆಮೇಲೆ. ಅದಕ್ಕೂ ಮೊದಲು, ಈ ಬಿಡುಗಡೆಯಿಂದ ಏನಾಗಬೇಕು ಅಂತ ಒಂದು ಸಾಲು ಬರೆಯಿರಿ: ‘ಕದ್ರಿ ಸುತ್ತಮುತ್ತಲಿನ ಹಳೇ ಗಿರಾಕಿಗಳಿಗೆ ಮಧ್ಯಾಹ್ನದ ಅಡುಗೆಗೆ ಮೊದಲೇ ಮೀನು ಸಿಗಬೇಕು.’ ಇದು ಇಲ್ಲದಿದ್ದರೆ ಮೀನು ಮನೆ ತಲುಪುವುದಿಲ್ಲವೇ ಅಂತ ಒಂದೊಂದು ಚೀಟಿಯನ್ನೂ ಕೇಳಿ. ಹಳೇ ಗಿರಾಕಿಗಳ ಫೋನ್ ನಂಬರ್ ಅಂಗಡಿಯಲ್ಲಿ ಇದ್ದೇ ಇರುತ್ತದೆ, ಹಾಗಾಗಿ ಲಾಗಿನ್ ಗೆರೆಯ ಕೆಳಗೆ ಹೋಗುತ್ತದೆ. ನಾಲ್ಕೈದೇ ಮೀನಿದ್ದಾಗ ಹುಡುಕಾಟ ಯಾಕೆ? ಅದೂ ಕೆಳಗೆ.

ಜಾಸ್ತಿ ಜನ ಎಡವುವುದು ಇಲ್ಲೇ. ಚಂದದ ಮೀನಿನ ಪಟ್ಟಿ, ಫೋಟೊ, ಫಿಲ್ಟರ್ ಎಲ್ಲ ಗೆರೆಯ ಮೇಲಿರುತ್ತವೆ, ‘ಮನೆಗೆ ತಲುಪಿಸುವುದು’ ಎಂಬ ಚೀಟಿಯ ಕೆಳಗೆ ಮಾತ್ರ ಖಾಲಿ. ಗೆರೆಯಿಂದ ಮೇಲಿರುವ ಚೀಟಿಗಳ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಕಥೆ ಹೇಳಿ ನೋಡಿ. ಎಲ್ಲಾದರೂ ಕಥೆ ನಿಂತರೆ ಅಲ್ಲೊಂದು ಚೀಟಿ ಬೇಕು. ಅದು ಸಾಫ್ಟ್‌ವೇರೇ ಆಗಬೇಕೆಂದಿಲ್ಲ. ‘ಅಂಗಡಿಯವರು ಡೆಲಿವರಿ ಹುಡುಗನಿಗೆ ಫೋನ್ ಮಾಡುತ್ತಾರೆ’ ಎಂದರೂ ಸದ್ಯಕ್ಕೆ ಸಾಕು.

ಗೆರೆಯ ಮೇಲಿನ ಚೀಟಿಗಳಿಗೆ ಮಾತ್ರ ಟಿಕೆಟ್, ಅಂದರೆ ಆ್ಯಪ್ ಕಟ್ಟುವವರಿಗೆ ಕೊಡುವ ಕೆಲಸದ ವಿವರ, ಮಾಡಿ. ‘ತೂಗಿದ ಮೇಲೆ ಬಿಲ್’ ಎಂಬ ಚೀಟಿ ತಗೊಳ್ಳಿ. ಗಿರಾಕಿ 1 ಕಿಲೋ ಅಂಜಲ್ ಕೇಳಿದ್ದಾರೆ, ಸಿಕ್ಕಿದ ಮೀನು 1.2 ಕಿಲೋ ತೂಗುತ್ತದೆ. ಕಿಲೋಗೆ 800 ರೂಪಾಯಿ ಆದರೆ ಬಿಲ್ 960 ಆಗಬೇಕು, ಕ್ಲೀನ್ ಮಾಡುವ ಮೊದಲೇ ಗಿರಾಕಿಗೆ ಆ ಮೊತ್ತ ಕಾಣಬೇಕು, ಬೇಡ ಎನ್ನಲು ಅವಕಾಶ ಇರಬೇಕು. ಟಿಕೆಟ್‌ನಲ್ಲಿ ಇವನ್ನೇ ಬರೆಯಿರಿ. ಪರೀಕ್ಷೆ ಮಾಡುವವರು ಇದನ್ನೇ ನೋಡಿ ಪಾಸು, ಫೇಲು ಹೇಳುತ್ತಾರೆ.

ಟಿಕೆಟ್ ದೊಡ್ಡದಾದರೆ ಡೇಟಾಬೇಸ್‌ಗೊಂದು, ಸ್ಕ್ರೀನ್‌ಗೊಂದು ಅಂತ ಒಡೆಯಬೇಡಿ. ಎರಡೂ ಮುಗಿಯುವ ತನಕ ಅಂಗಡಿಯವರಿಗೆ ತೋರಿಸಲು ಏನೂ ಇರುವುದಿಲ್ಲ ಅಲ್ವಾ? ಮೊದಲ ಟಿಕೆಟ್‌ನಲ್ಲಿ ಹೊಸ ತೂಕ ಹಾಕಿದರೆ ಬಿಲ್ ಬದಲಾಗಿ ಗಿರಾಕಿಗೆ ಕಾಣಲಿ, ಬೇಡ ಎನ್ನುವವರು ಫೋನ್ ಮಾಡಲಿ. ಆ್ಯಪ್‌ನಲ್ಲೇ ‘ಬೇಡ’ ಒತ್ತುವುದು ಎರಡನೇ ಟಿಕೆಟ್.