ಸಫೈರ್ ಗ್ಲಾಸಿನ ಹೊರಗಿನ ಎಆರ್ ಕೋಟಿಂಗ್ ತೆಗೆದ ನನ್ನ ಅನುಭವ

ಕೊನೆಗೂ ಆಯ್ತು. ಎಆರ್ ಕೋಟಿಂಗ್ ಅಂದರೆ ವಾಚಿನ ಗ್ಲಾಸಿನ ಮೇಲೆ ಬೆಳಕಿನ ಪ್ರತಿಫಲನ ತಗ್ಗಿಸಲು ಹಾಕುವ ತೆಳು ಪದರ. ಗ್ಲಾಸನ್ನು ಕೇಸಿನಿಂದ ಬಿಚ್ಚದೆ, ಒಳಗಿನ ಕೋಟಿಂಗ್ ಮುಟ್ಟದೆ, ಹೊರಗಿನದನ್ನು ಮಾತ್ರ ಕೈಯಲ್ಲೇ ಪೂರ್ತಿ ತೆಗೆದೆ. ಇದುವರೆಗೆ ಏಳು ವಾಚ್ ಮಾಡಿದ್ದೇನೆ, ಒಂದೂ ವಾಪಸ್ ಬಂದಿಲ್ಲ. ಆಗಲ್ಲ ಅಂದವರೇ ಈಗ ತಮ್ಮ ವಾಚ್ ತಂದುಕೊಡುತ್ತಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಶುರುವಾಗಿದ್ದು ಗೆಳೆಯನ ವಾಚಿನಿಂದ. ಕಪ್ಪು ಡಯಲ್, ಸ್ವಲ್ಪ ಉಬ್ಬಿದ ಸಫೈರ್ ಗ್ಲಾಸ್, ಎರಡೂ ಕಡೆ ಕೋಟಿಂಗ್. ಎರಡು ವರ್ಷ ಕಟ್ಟಿದ್ದ ಅಷ್ಟೇ. ಗ್ಲಾಸ್ ತುಂಬ ಕೂದಲಿನಂಥ ಗೆರೆಗಳು. "ಸಫೈರ್‌ಗೆ ಗೀರೇ ಬೀಳಲ್ಲ ಅಂತ ನೀನೇ ಹೇಳಿದ್ದೆ ಅಲ್ವಾ?" ಅಂತ ನನ್ನನ್ನೇ ಕೇಳಿದ. ಬಿದ್ದಿದ್ದು ಎಲ್ಲಿ ಅಂತ ವಿಚಾರಿಸಿದರೆ, ಅಡುಗೆಮನೆಯ ಗ್ರಾನೈಟ್ ಕಟ್ಟೆ. ಮೋಸ್ ಮಾಪಕದಲ್ಲಿ ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್‌ನ ಗಟ್ಟಿತನ 7, ಸಫೈರಿನದು 9. ಅಂದರೆ ಗ್ರಾನೈಟಿಗೆ ಸಫೈರ್ ಜಗ್ಗುವುದಿಲ್ಲ. ಆದರೆ ಮೇಲಿನ ಕೋಟಿಂಗ್ ಅಷ್ಟು ಗಟ್ಟಿ ಅಲ್ಲ. ಮೆಗ್ನೀಸಿಯಂ ಫ್ಲೋರೈಡ್ ಆದರೆ 6ರ ಆಸುಪಾಸು. ಗೀರು ಬಿದ್ದಿದ್ದು ಅದಕ್ಕೆ, ಗ್ಲಾಸಿಗಲ್ಲ.

ಇದನ್ನು ಖಚಿತ ಮಾಡಿಕೊಳ್ಳದೆ ಯಾರೂ ಕೈ ಹಾಕಬೇಡಿ. ನಾನು ಮೊದಲು ಉಗುರು ಆಡಿಸುತ್ತೇನೆ. ಉಗುರು ಎಲ್ಲೂ ಸಿಕ್ಕಿಕೊಳ್ಳಬಾರದು. ಆಮೇಲೆ ಟ್ಯೂಬ್‌ಲೈಟ್ ಕೆಳಗೆ ವಾಚನ್ನು ಓರೆ ಮಾಡುತ್ತೇನೆ. ನೀಲಿ ಬಿಂಬದೊಳಗೆ ಗೆರೆ ಬೆಳ್ಳಗೆ ಹೊಳೆದು, ನೇರವಾಗಿ ಡಯಲ್ ನೋಡಿದಾಗ ಮಾಯವಾದರೆ ಅದು ಕೋಟಿಂಗಿನ ಗೀರು. ಕೋಟಿಂಗ್ ಯಾವ ಕಡೆ ಇದೆ ಅನ್ನುವುದಕ್ಕೂ ಟ್ಯೂಬ್‌ಲೈಟೇ ಸಾಕು. ಉಬ್ಬಿದ ಗ್ಲಾಸಿನಲ್ಲಿ ದೀಪದ ಎರಡು ಬಿಂಬ ಕಾಣುತ್ತವೆ, ಒಂದು ಮೇಲಿನ ಮೈಯದು, ಇನ್ನೊಂದು ಕೆಳಗಿನದು. ಎರಡೂ ಮಸುಕು ನೀಲಿ ಆದರೆ ಎರಡೂ ಕಡೆ ಕೋಟಿಂಗ್ ಇದೆ. ಒಂದು ಬೆಳ್ಳಗೆ, ಒಂದು ನೀಲಿ ಆದರೆ ಒಂದೇ ಕಡೆ. ಅದೂ ಸಾಮಾನ್ಯವಾಗಿ ಒಳಗೆ. ಅನುಮಾನ ಇದ್ದರೆ ಹೆಬ್ಬೆಟ್ಟು ಒತ್ತಿ ನೋಡಿ. ಹೊರಗೆ ಕೋಟಿಂಗ್ ಇದ್ದರೆ ಎಣ್ಣೆ ಜಿಡ್ಡು ಎದ್ದು ಕಾಣುತ್ತದೆ, ಬರೀ ಸಫೈರ್ ಮೇಲೆ ಅಷ್ಟಾಗಿ ಕಾಣಲ್ಲ.

ಕಂಪನಿ ಸರ್ವೀಸಿನಲ್ಲಿ ಹೊಸ ಗ್ಲಾಸಿಗೆ ಸುಮಾರು 16,000 ಕೇಳಿದ್ದರು. ಹೊರಗೆ ಸಿಗುವ ಗ್ಲಾಸ್ ಒಂದೂವರೆ ಸಾವಿರಕ್ಕೆ ಬರುತ್ತದೆ, ಆದರೆ ಅದೇ ಉಬ್ಬು ಸಿಗಲಿಲ್ಲ. ಪೇಟೆಯಲ್ಲಿ ನಾನು ನಂಬುವ ಹಿರಿಯರೊಬ್ಬರಿದ್ದಾರೆ, ವಾಚ್ ರಿಪೇರಿಯಲ್ಲಿ ನಲವತ್ತು ವರ್ಷದ ಕೈ. "ಸಫೈರ್ ಕೈಲಿ ಉಜ್ಜಿದ್ರೆ ಹೋಗುತ್ತೇನಪ್ಪಾ? ಸುಮ್ನೆ ಹಾಳು ಮಾಡ್ಕೋಬೇಡ" ಅಂದರು.

ಮೊದಲ ಸಲ ಅವರು ಹೇಳಿದ್ದೇ ನಿಜವಾಯಿತು. ಪ್ರಯೋಗಕ್ಕೆ ಅಂತ ಕೋಟಿಂಗ್ ಇರುವ ಮೂರು ಬಿಡಿ ಗ್ಲಾಸ್ ತರಿಸಿದ್ದೆ. ಟೂತ್‌ಪೇಸ್ಟ್‌ನಲ್ಲಿ ಒಂದು ಗಂಟೆ ಉಜ್ಜಿದೆ, ಏನೂ ಆಗಲಿಲ್ಲ. ಪ್ಲಾಸ್ಟಿಕ್ ಗ್ಲಾಸಿಗೆ ಹಾಕುವ ಪಾಲಿಶ್ ಕೂಡ ಅಷ್ಟೇ. ಆಮೇಲೆ ನಗರ್ತಪೇಟೆಯಿಂದ 3 ಮೈಕ್ರಾನ್ ಡೈಮಂಡ್ ಪೇಸ್ಟ್ ತಂದು, ಸಣ್ಣ ಡ್ರಿಲ್ಲಿಗೆ ಫೆಲ್ಟ್ ಚಕ್ರ ಸಿಕ್ಕಿಸಿ ಹಚ್ಚಿದೆ. ಐದೇ ನಿಮಿಷಕ್ಕೆ ನಡುವೆ ಕೋಟಿಂಗ್ ಹಾರಿಹೋಯಿತು, ಅಂಚಿನಲ್ಲಿ ಉಂಗುರದ ಹಾಗೆ ಉಳಿಯಿತು. ನೋಡಿದರೆ ಎಣ್ಣೆ ಚೆಲ್ಲಿದ ಕಲೆ ಥರ. ಅರ್ಧ ಹೋದ ಕೋಟಿಂಗ್ ಗೀರು ಬಿದ್ದ ಕೋಟಿಂಗಿಗಿಂತ ಕೆಟ್ಟದಾಗಿ ಕಾಣುತ್ತದೆ. ಅಂಚನ್ನು ಹಿಡಿಯೋಣ ಅಂತ ಒತ್ತಿದ್ದಕ್ಕೆ ಸಫೈರ್ ಮೇಲೇ ಸಣ್ಣ ಮಂಜು ಕೂತಿತು. ವಜ್ರ ಸಫೈರನ್ನೂ ತಿನ್ನುತ್ತದೆ, ಅದು ಅದರ ಗುಣ. ಎರಡು ಗ್ಲಾಸ್ ಹೋದವು. ಪೇಸ್ಟು, ಚಕ್ರ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ಖರ್ಚು.

ದಾರಿ ಸಿಕ್ಕಿದ್ದು ಇದೇ ತಪ್ಪಿನಿಂದ. ಬೇಕಾಗಿರುವುದು ಕೋಟಿಂಗಿಗಿಂತ ಗಟ್ಟಿ, ಆದರೆ ಸಫೈರಿಗಿಂತ ಗಟ್ಟಿ ಅಲ್ಲದ ಪುಡಿ. ಅದು ಅಲ್ಯೂಮಿನಾ. ಸಫೈರ್ ಅಂದರೂ ಅಲ್ಯೂಮಿನಾನೇ, ಹರಳಿನ ರೂಪದಲ್ಲಿ. ಹಾಗಾಗಿ ಕೈಯ ಒತ್ತಡದಲ್ಲಿ ಅರ್ಧ ಮುಕ್ಕಾಲು ಗಂಟೆ ಉಜ್ಜಿದರೆ ಕೋಟಿಂಗ್ ಹೋಗುತ್ತದೆ, ಸಫೈರ್ ತನ್ನ ಪಾಡಿಗೆ ಇರುತ್ತದೆ. 1 ಮೈಕ್ರಾನ್ ಪುಡಿ ತಂದೆ. ಲೋಹ ಪಾಲಿಶ್ ಮಾಡುವ ಲ್ಯಾಬಿನವರು ಬಳಸುವುದು, 100 ಗ್ರಾಂಗೆ ಏಳುನೂರೋ ಎಂಟುನೂರೋ ಕೊಟ್ಟ ನೆನಪು. ಎಷ್ಟು ವಾಚಿಗಾದರೂ ಬರುತ್ತದೆ.

ಗ್ಲಾಸಿನ ಸುತ್ತಲಿನ ಬೆಜೆಲ್‌ಗೆ ಮೂರು ಸುತ್ತು ಟೇಪ್. ಕ್ರೌನ್ ಒತ್ತಿ ಮುಚ್ಚಿ, ಅದಕ್ಕೂ ಟೇಪ್. ಪುಡಿಯನ್ನು ಮೊಸರಿನಷ್ಟು ಗಟ್ಟಿಯಾಗಿ ಕಲಸಿ, ಮರದ ಕಡ್ಡಿಗೆ ಅಂಟಿಸಿದ ಗಟ್ಟಿ ಚರ್ಮದ ಮೇಲೆ ಹಚ್ಚುತ್ತೇನೆ. ಕಲಸುವಾಗ ನೀರಿನ ಜೊತೆ ಇನ್ನೊಂದು ವಸ್ತುವೂ ಬೀಳುತ್ತದೆ, ಅದು ಏನು ಅನ್ನುವ ಗುಟ್ಟನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಬರೀ ನೀರಿನಲ್ಲೂ ಆಗುತ್ತದೆ, ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ. ಮುಖ್ಯವಾದದ್ದು, ಅಂಚಿನಿಂದ ಶುರು ಮಾಡಬೇಕು. ನಡುಭಾಗ ತಾನಾಗಿ ಹೋಗುತ್ತದೆ, ಅಂಚೇ ಹಟ ಹಿಡಿಯುವುದು.

ಐದು ನಿಮಿಷಕ್ಕೊಮ್ಮೆ ಆಲ್ಕೋಹಾಲಿನಲ್ಲಿ ಒರೆಸಿ ಟ್ಯೂಬ್‌ಲೈಟ್ ಬಿಂಬ ನೋಡುತ್ತೇನೆ. ಗೆಳೆಯನ ವಾಚಿನಲ್ಲಿ ಮೇಲಿನ ಬಿಂಬ ನೀಲಿಯಿಂದ ನೇರಳೆಗೆ ತಿರುಗಿತು, ಆಮೇಲೆ ಒಣಹುಲ್ಲಿನ ಬಣ್ಣ, ಆಮೇಲೆ ಬಿಳಿ. ಕೋಟಿಂಗ್ ತೆಳುವಾಗುತ್ತಾ ಹೋಗುವುದು ಹೀಗೆ ಕಣ್ಣಿಗೇ ಕಾಣುತ್ತದೆ. ಎಲ್ಲೂ ಹುಲ್ಲಿನ ಬಣ್ಣ ಉಳಿಯದೆ ಇಡೀ ಮೈ ಒಂದೇ ಬಿಳಿ ಆದಾಗ ಮುಗಿಯಿತು. ನಲವತ್ತು ನಿಮಿಷ ಹಿಡಿಯಿತು. ಕೆಳಗಿನ ಬಿಂಬ ಮೊದಲಿನಂತೆಯೇ ನೀಲಿ. ಗೆರೆ ಒಂದೂ ಇಲ್ಲ.

ಹೊರಗಿನ ಕೋಟಿಂಗ್ ತೆಗೆದರೆ ಸಮಯ ಓದೋದಕ್ಕೆ ಕಷ್ಟ ಆಗುತ್ತೆ ಅಂತ ಹೆದರಿಸಿದವರೂ ಇದ್ದರು. ಅದನ್ನೂ ಪರೀಕ್ಷೆ ಮಾಡಿದೆ. ಕೋಟಿಂಗ್ ಇಲ್ಲದ ಸಫೈರ್ ಒಂದೊಂದು ಮೈಯಿಂದ ಸುಮಾರು 8% ಬೆಳಕನ್ನು ವಾಪಸ್ ಎಸೆಯುತ್ತದೆ, ಎರಡೂ ಸೇರಿ 14% ದಾಟುತ್ತದೆ. ಒಳಗೆ ಮಾತ್ರ ಕೋಟಿಂಗ್ ಇದ್ದರೆ 8ರ ಹತ್ತಿರ. ನಮ್ಮ ಹಳೆಯ ಎಚ್‌ಎಂಟಿಗಳ ಅಕ್ರಿಲಿಕ್ ಗ್ಲಾಸ್ ಒಂದೊಂದು ಮೈಗೆ 4%, ಒಟ್ಟು 8. ಎರಡೂ ಒಂದೇ ಆಯ್ತು! ಅಪ್ಪನ ಕಪ್ಪು ಡಯಲ್ಲಿನ ಎಚ್‌ಎಂಟಿ ಪೈಲಟ್ ಪಕ್ಕದಲ್ಲಿಟ್ಟು ಮಧ್ಯಾಹ್ನದ ಬಿಸಿಲಲ್ಲಿ ತಾರಸಿ ಮೇಲೆ ನೋಡಿದೆ. ಎರಡೂ ಒಂದೇ ಥರ ಓದಲು ಬಂದವು. ಎರಡೂ ಕಡೆ ಕೋಟಿಂಗ್ ಇದ್ದಾಗ ಗ್ಲಾಸೇ ಇಲ್ಲವೇನೋ ಅನ್ನುವ ಹಾಗಿರುತ್ತಲ್ಲ, ಆ ಸೊಗಸು ಹೋಯಿತು, ಅದು ನಿಜ. ಆದರೆ ಆ ಸೊಗಸು ಒರೆಸಿದ ಹತ್ತು ನಿಮಿಷ ಮಾತ್ರ. ಬೆರಳು ತಾಗಿದರೆ ಮತ್ತೆ ಜಿಡ್ಡೇ ಕಾಣುವುದು. ಬ್ರೈಟ್ಲಿಂಗ್, ಸಿನ್‌ನವರು ಎರಡೂ ಕಡೆ ಹಾಕುತ್ತಾರೆ. ದಿನಾ ಕಟ್ಟುವ ವಾಚಿಗೆ ಒಳಗಿನದು ಸಾಕು ಅನ್ನುವುದು ನನ್ನ ತೀರ್ಮಾನ. ಅಲ್ಲಿ ಅದನ್ನು ಮುಟ್ಟುವವರೇ ಇಲ್ಲ.

ಉಳಿದ ಮೂರನೇ ಗ್ಲಾಸಿನಲ್ಲಿ ಒಳಗಿನದನ್ನು ತೆಗೆದು ಹೊರಗಿನದನ್ನು ಉಳಿಸಿಯೂ ನೋಡಿದೆ. ಓದುವುದರಲ್ಲಿ ವ್ಯತ್ಯಾಸವೇ ಇಲ್ಲ, ಬಿಂಬವೂ ಅಷ್ಟೇ ಇತ್ತು. ಆದರೆ ಎರಡು ತಿಂಗಳಿಗೆ ಹೊರಗಿನ ಕೋಟಿಂಗಿಗೆ ಮತ್ತೆ ಗೀರು.

ಮಿನರಲ್ ಗ್ಲಾಸ್, ಅಂದರೆ ಸಫೈರ್ ಅಲ್ಲದ ಗಾಜಿನ ಮೇಲೆ ಮಾತ್ರ ಇದನ್ನು ಮಾಡಬೇಡಿ. ಅಲ್ಯೂಮಿನಾ ಅದನ್ನು ತಿಂದುಬಿಡುತ್ತದೆ. ಒಂದು ಹನಿ ನೀರು ಹಾಕಿದರೆ ಸಫೈರ್ ಮೇಲೆ ದುಂಡಗೆ ನಿಲ್ಲುತ್ತದೆ ಅನ್ನುವ ಪರೀಕ್ಷೆಯನ್ನು ಕೋಟಿಂಗ್ ಇದ್ದಾಗ ನಂಬುವಂತಿಲ್ಲ. ನಾನು ಮಾದರಿಯ ವಿವರ ನೋಡಿ ಸಫೈರ್ ಅಂತ ಗೊತ್ತಾದರೆ ಮಾತ್ರ ತಗೊಳ್ಳುತ್ತೇನೆ. ಒಮ್ಮೆ ತೆಗೆದರೆ ಕೋಟಿಂಗ್ ವಾಪಸ್ ಬರಲ್ಲ, ಮಾರುವಾಗ ಕೇಳುವವರು ಇರುತ್ತಾರೆ ಅಂತ ಮಾಲೀಕರಿಗೆ ಮೊದಲೇ ಹೇಳುತ್ತೇನೆ. ಆಮೇಲೆ 900 ತಗೊಳ್ಳುತ್ತೇನೆ. ಪೇಟೆಯ ಹಿರಿಯರು ಹೋದ ವಾರ ಎರಡು ವಾಚ್ ಕಳಿಸಿದ್ದರು. ಅವರ ಹತ್ತಿರ ಮಾತ್ರ ದುಡ್ಡು ತಗೊಳ್ಳಲಿಲ್ಲ.