ಜಪಾನಿನ ತರಬೇತಿ, ಮಡಿಕೇರಿಯ ಕಡತ: ವರದಿ ಬರೆಯುವುದು ಹೇಗೆ?

ಸರ್ಕಾರಿ ತರಬೇತಿಗಾಗಿ ವಿದೇಶಕ್ಕೆ ಹೋಗಿ ಬಂದವರ ವರದಿ ಬಹಳ ಸಲ ದಿನಚರಿಯಂತಿರುತ್ತದೆ: ಸೋಮವಾರ ಉಪನ್ಯಾಸ, ಮಂಗಳವಾರ ಕ್ಷೇತ್ರ ಭೇಟಿ. ಮುಂದೇನು ಮಾಡಬೇಕೆಂದು ಮೇಲಧಿಕಾರಿಗೆ ಅದರಿಂದ ತಿಳಿಯುವುದಿಲ್ಲ. ಸಹಿ ಬೀಳುತ್ತದೆ, ಕಡತ ಕಪಾಟು ಸೇರುತ್ತದೆ. ಕೊಡಗಿನ ಎಂಜಿನಿಯರ್ ಒಬ್ಬರು ಭೂಕುಸಿತ ಮುನ್ನೆಚ್ಚರಿಕೆಯ ತರಬೇತಿಗೆ ಜಪಾನಿಗೆ ಹೋಗಿ ಬಂದಿದ್ದಾರೆ ಎಂದುಕೊಳ್ಳೋಣ. ಅವರ ವರದಿ ಕೆಲಸಕ್ಕೆ ಬರಬೇಕಾದರೆ ಹೀಗೆ ಬರೆಯಬೇಕು.

ಮೊದಲು ನಿಯೋಜನೆಯ ಆದೇಶವನ್ನು ಮತ್ತೊಮ್ಮೆ ಓದಿ. ಯಾವ ಉದ್ದೇಶಕ್ಕೆ ಕಳುಹಿಸಿದರೋ ಅದಕ್ಕೆ ವರದಿ ಉತ್ತರ ಕೊಡಬೇಕು. ವೇಳಾಪಟ್ಟಿ, ಛಾಯಾಚಿತ್ರಗಳು ಕೊನೆಯ ಅನುಬಂಧಕ್ಕೆ ಹೋಗಲಿ. ಮೊದಲ ಪುಟದಲ್ಲಿ ಏನು ಕಲಿತಿರಿ, ಏನು ಮಾಡಬೇಕೆನ್ನುತ್ತೀರಿ, ಯಾರ ಒಪ್ಪಿಗೆ ಬೇಕು ಎಂಬುದಷ್ಟೇ ಇರಲಿ. ಜಿಲ್ಲಾಧಿಕಾರಿಯವರು ಆ ಪುಟವೊಂದನ್ನೇ ಓದಿದರೂ ನಿರ್ಧಾರ ತೆಗೆದುಕೊಳ್ಳಲು ಸಾಧ್ಯವಾಗಬೇಕು.

ಕಲಿತದ್ದನ್ನು ಬರೆಯುವಾಗ ಅಲ್ಲಿ ಏನಿದೆ ಎಂದಷ್ಟೇ ಹೇಳಿದರೆ ಸಾಲದು, ಅದು ಯಾವುದರ ಆಧಾರದ ಮೇಲೆ ನಿಂತಿದೆ ಎಂಬುದನ್ನೂ ಹೇಳಬೇಕು. ನನ್ನ ದೃಷ್ಟಿಯಲ್ಲಿ ವರದಿಯ ಜೀವಾಳ ಇದೇ. ಜಪಾನಿನಲ್ಲಿ ಹವಾಮಾನ ಸಂಸ್ಥೆಯೂ ಪ್ರಾಂತೀಯ ಆಡಳಿತವೂ ಜಂಟಿಯಾಗಿ ಕುಸಿತದ ಎಚ್ಚರಿಕೆ ನೀಡುತ್ತವೆ. ಅದಕ್ಕಾಗಿ ಎರಡು ಲೆಕ್ಕಗಳನ್ನು ಒಟ್ಟಿಗೆ ನೋಡುತ್ತವೆ: ಈಗ ಎಷ್ಟು ರಭಸದಿಂದ ಮಳೆ ಸುರಿಯುತ್ತಿದೆ, ಹಿಂದಿನ ಮಳೆಯಿಂದ ಮಣ್ಣು ಈಗಾಗಲೇ ಎಷ್ಟು ನೀರು ಕುಡಿದಿದೆ. ಕೊಡಗಿಗೆ ಇದು ಚೆನ್ನಾಗಿ ಅರ್ಥವಾಗುವ ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ, ಜೂನ್‌ನಿಂದ ನೆನೆದಿದ್ದ ಮಣ್ಣಿನ ಮೇಲೆ ಮತ್ತೆ ಭಾರಿ ಮಳೆ ಸುರಿದಿತ್ತು.

ಆದರೆ ಯಾವ ಮಟ್ಟ ದಾಟಿದರೆ ಎಚ್ಚರಿಕೆ ಕೊಡಬೇಕೆಂಬ ಆ ಪದ್ಧತಿಯ ಅಪಾಯದ ಗೆರೆಯನ್ನು ಎಳೆದಿರುವುದು ಹಲವು ವರ್ಷಗಳ ಮಳೆ ಮತ್ತು ಕುಸಿತದ ದಾಖಲೆಗಳಿಂದ. ನಿಧಾನವಾಗಿ ಸರಿಯುವ ದೊಡ್ಡ ಭೂಕುಸಿತಗಳು ಅದರ ವ್ಯಾಪ್ತಿಗೆ ಬರುವುದೂ ಇಲ್ಲ. ಈ ಎರಡು ಮಾತುಗಳನ್ನು ಬಿಟ್ಟು ‘ಜಪಾನ್ ಮಾದರಿಯ ವ್ಯವಸ್ಥೆ ಅಳವಡಿಸಬೇಕು’ ಎಂದು ಬರೆದರೆ ಉಪಕರಣ ಖರೀದಿಯ ಬೇಡಿಕೆಯೊಂದು ಹುಟ್ಟುತ್ತದೆಯೇ ಹೊರತು ಎಚ್ಚರಿಕೆಯ ಗೆರೆ ಸಿಗುವುದಿಲ್ಲ.

ಹಾಗಾಗಿ ಮುಂದಿನ ಹಂತದಲ್ಲಿ ನಮ್ಮಲ್ಲಿ ಏನಿದೆ, ಏನಿಲ್ಲ ಎಂದು ಬರೆಯಿರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಕಾಫಿ ತೋಟಗಳಲ್ಲಿ ಇಂಚು ಹಾಗೂ ಇಂಚಿನ ನೂರನೇ ಒಂದು ಭಾಗವಾದ ಸೆಂಟುಗಳಲ್ಲಿ ಬರೆದಿಟ್ಟ ಹಳೆಯ ಮಳೆ ಪುಸ್ತಕಗಳಿವೆ. ಒಂದು ಇಂಚಿಗೆ 25.4 ಮಿಲಿಮೀಟರ್‌ನಂತೆ ಅವನ್ನು ಪರಿವರ್ತಿಸಿಕೊಳ್ಳಬಹುದು. ಆದರೆ ಅವು ದಿನದ ಲೆಕ್ಕಗಳು. ಮಣ್ಣು ಎಷ್ಟು ನೆನೆದಿತ್ತೆಂದು ಅಂದಾಜಿಸಲು ನೆರವಾಗುತ್ತವೆ, ಗಂಟೆಯ ರಭಸ ತಿಳಿಸುವುದಿಲ್ಲ. ಇನ್ನು ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು, ಕುಸಿದದ್ದು ಯಾವ ಗಂಟೆಗೆ ಎಂಬುದನ್ನು ಪರಿಹಾರದ ಅರ್ಜಿಯಿಂದ ತಿಳಿಯುವುದು ಕಷ್ಟ, ಏಕೆಂದರೆ ಅದು ಹಾನಿ ಅಳೆಯಲು ಬರೆದದ್ದು.

ಈಗ ಪ್ರಸ್ತಾವನೆ ಸಹಜವಾಗಿ ಹುಟ್ಟುತ್ತದೆ. ಅದನ್ನು ಹೀಗೆ ಬರೆಯಬಹುದು: ‘ಬರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ, ಬರೆ ಜರಿದ ಸ್ಥಳ, ದಿನಾಂಕ, ಸಮಯ ಹಾಗೂ ಮನೆ ಅಥವಾ ರಸ್ತೆಗಾಗಿ ಅಲ್ಲಿ ಗುಡ್ಡ ಕಡಿಯಲಾಗಿತ್ತೇ ಎಂಬುದನ್ನು ಗ್ರಾಮ ಆಡಳಿತ ಅಧಿಕಾರಿ ಒಂದೇ ಪುಟದ ನಮೂನೆಯಲ್ಲಿ ದಾಖಲಿಸುವುದು. ಉಸ್ತುವಾರಿ ಕೇಂದ್ರದಿಂದ ಗಂಟೆವಾರು ಮಳೆಯ ಅಂಕಿಅಂಶ ಕೋರಿ ಪತ್ರ ಬರೆಯುವುದು. ಅಕ್ಟೋಬರ್‌ನಲ್ಲಿ ಎರಡನ್ನೂ ಹೋಲಿಸುವುದು.’ ಗುಡ್ಡ ಕಡಿದ ಅಂಕಣವನ್ನು ಬಿಡಬೇಡಿ. ಕಡಿದ ಬರೆ ಕಡಿಮೆ ಮಳೆಗೂ ಜರಿಯಬಹುದು. ಅದನ್ನು ಉಳಿದವುಗಳೊಂದಿಗೆ ಬೆರೆಸಿದರೆ ಲೆಕ್ಕ ತಪ್ಪುತ್ತದೆ.

ಪ್ರಸ್ತಾವನೆ ಸೋತರೆ ಹೇಗೆ ಗೊತ್ತಾಗುತ್ತದೆ ಎಂಬುದನ್ನೂ ಬರೆಯಿರಿ. ಮುಂದೆ ನೀವು ಎಳೆಯುವ ಗೆರೆಯನ್ನು ಮಳೆ ಪದೇ ಪದೇ ದಾಟಿಯೂ ಏನೂ ಕುಸಿಯದಿದ್ದರೆ ಗೆರೆ ಕೆಳಗಿದೆ ಎಂದರ್ಥ. ಅದನ್ನೇ ನಂಬಿ ಜನರನ್ನು ಸ್ಥಳಾಂತರಿಸುತ್ತಾ ಹೋದರೆ ನಿಜವಾದ ಅಪಾಯದ ದಿನ ಯಾರೂ ಮನೆ ಬಿಟ್ಟು ಬರುವುದಿಲ್ಲ. ಗೆರೆ ದಾಟುವ ಮೊದಲೇ ಬರೆ ಜರಿದರೆ ಅದು ಇನ್ನೂ ಗಂಭೀರ. ಒಂದು ಮಳೆಗಾಲದ ದಾಖಲೆ ಗೆರೆ ಎಳೆಯಲು ಸಾಲದು, ನಮೂನೆ ತುಂಬುವ ಕೆಲಸ ನಡೆಯುತ್ತದೆಯೇ ಎಂದು ತಿಳಿಯಲು ಸಾಕು ಎಂಬುದನ್ನು ಸ್ಪಷ್ಟವಾಗಿ ಹೇಳಿ.

ಸಂಪರ್ಕಗಳ ಭಾಗ ಚಿಕ್ಕದಿರಲಿ. ವಿಸಿಟಿಂಗ್ ಕಾರ್ಡ್‌ಗಳ ಪ್ರತಿ ಅಂಟಿಸುವ ಬದಲು ಪ್ರತಿಯೊಬ್ಬರ ಮುಂದೆ ಅವರನ್ನು ಯಾವ ಪ್ರಶ್ನೆ ಕೇಳಬಹುದು ಎಂದು ಬರೆಯಿರಿ: ಗೆರೆ ಪರಿಷ್ಕರಿಸುವ ವಿಧಾನಕ್ಕೆ ಇವರು, ಗ್ರಾಮಸ್ಥರ ಸ್ಥಳಾಂತರ ತಾಲೀಮಿಗೆ ಅವರು. ನಿಮಗೆ ವರ್ಗಾವಣೆಯಾದರೂ ಉಪಯೋಗಕ್ಕೆ ಬರಲೆಂದು ಅವರ ಕಚೇರಿಯ ವಿಳಾಸ ಕೊಡಿ. ಅಲ್ಲಿನ ಪಾಠದ ಸ್ಲೈಡ್‌ಗಳನ್ನು ಅನುಮತಿಯಿಲ್ಲದೆ ಹಂಚಬೇಡಿ.

ಸಲ್ಲಿಸುವ ಕಾಲವೂ ಮುಖ್ಯ. ಮುಂಗಾರು ಸಿದ್ಧತಾ ಸಭೆಗೆ ಮೊದಲೇ, ಪ್ರಸ್ತಾವನೆಯನ್ನು ವರದಿಯಿಂದ ಬಿಡಿಸಿ ಪ್ರತ್ಯೇಕ ಟಿಪ್ಪಣಿಯಾಗಿ ಮಂಡಿಸಿ, ಕಡತ ಸಂಖ್ಯೆ ಪಡೆದುಕೊಳ್ಳಿ. ನಮೂನೆಯ ಕರಡನ್ನೂ ಉಸ್ತುವಾರಿ ಕೇಂದ್ರಕ್ಕೆ ಬರೆಯಬೇಕಾದ ಪತ್ರದ ಕರಡನ್ನೂ ಅದಕ್ಕೆ ಲಗತ್ತಿಸಿ. ಒಪ್ಪಿಗೆ ಸಿಕ್ಕಿದ ದಿನವೇ ಎರಡೂ ಸಹಿಗೆ ಹೋಗಬಹುದು.