720ರಲ್ಲೇ ಕುಣಿಯುತ್ತಿದ್ದ ಶಾಫ್ಟ್: ಬೇರಿಂಗ್ ಒಳಗೆ ಸರಿಸಿದ ಲೆಕ್ಕ

ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಸುಲಿಯುವ ಮಿಷನ್ನಿನ ಬ್ಲೋವರ್ ತಿರುಗಿಸುವ ಶಾಫ್ಟ್ ಇದು. 40 ಮಿ.ಮೀ. ದಪ್ಪದ ಎಂ.ಎಸ್. ರಾಡು, ಎರಡು ಬೇರಿಂಗ್‌ಗಳ ನಡುವೆ 2 ಮೀಟರ್, ಸರಿಯಾಗಿ ಮಧ್ಯದಲ್ಲಿ 15 ಕೆ.ಜಿ.ಯ ಪುಲ್ಲಿ. 1440 ಆರ್‌ಪಿಎಂ ಮೋಟರ್, 125ಕ್ಕೆ 250 ಪುಲ್ಲಿ, ಹಾಗಾಗಿ ಶಾಫ್ಟ್ ವೇಗ 720. ಮೋಟರ್ ಬೆಲ್ಟಿನ ಪುಲ್ಲಿ ಬೇರಿಂಗ್‌ಗೆ ಒತ್ತಿಕೊಂಡು ಹೊರಬದಿಯಲ್ಲಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪೂರ್ತಿ ವೇಗಕ್ಕೆ ಬಂದೊಡನೆ ಶಾಫ್ಟ್ ಮಕ್ಕಳು ಆಡುವ ಸ್ಕಿಪ್ಪಿಂಗ್ ಹಗ್ಗದಂತೆ ಹೊಟ್ಟೆ ಬಿಟ್ಟು ತಿರುಗುತ್ತಿತ್ತು. ಬೇರಿಂಗ್ ಬದಲಾಯಿಸಿದ್ದರು, ಪುಲ್ಲಿ ಬ್ಯಾಲೆನ್ಸ್ ಮಾಡಿಸಿದ್ದರು. ಸ್ವಲ್ಪ ತಗ್ಗಿತೇ ಹೊರತು ಹೋಗಲಿಲ್ಲ.

ಹೋಗುವುದೂ ಇಲ್ಲ. ಬ್ಯಾಲೆನ್ಸ್ ಮಾಡಿದರೆ ಕುಣಿತ ಕಡಿಮೆಯಾಗಬಹುದು, ಶಾಫ್ಟ್ ಅತಿ ಜೋರಾಗಿ ಕುಣಿಯುವ ವೇಗ, ಅಂದರೆ ಕ್ರಿಟಿಕಲ್ ಸ್ಪೀಡ್, ಇದ್ದಲ್ಲೇ ಇರುತ್ತದೆ. ಅದನ್ನು ನಿರ್ಧರಿಸುವುದು ಎರಡೇ: ಶಾಫ್ಟ್ ಎಷ್ಟು ಬಿಗಿ, ಅದರ ಮೇಲಿನ ತೂಕ ಎಷ್ಟು.

ನಾನು ಎರಡು ವೇಗಗಳನ್ನು ಬೇರೆಬೇರೆ ತೆಗೆದು ಕೂಡಿಸಿದೆ. ಬರೀ ಶಾಫ್ಟಿಗೆ, ಪುಲ್ಲಿ ಇಲ್ಲದೆ, 1207 ಆರ್‌ಪಿಎಂ ಬರುತ್ತದೆ. ತೂಕವಿಲ್ಲದ ಶಾಫ್ಟಿನ ಮೇಲೆ 15 ಕೆ.ಜಿ. ಮಾತ್ರ ಕೂತಿದೆ ಎಂದುಕೊಂಡರೆ ಮಧ್ಯದಲ್ಲಿ ಅದು 0.947 ಮಿ.ಮೀ. ಬಾಗುತ್ತದೆ. ಈ ಬಾಗನ್ನು δ ಎಂದು ಮಿ.ಮೀ.ಯಲ್ಲಿ ಇಟ್ಟರೆ:

```
N = 946 / √δ        →  972
1/N² = 1/1207² + 1/972²   →  N ≈ 757
```

ಓಡುವ ವೇಗ 720, ಕ್ರಿಟಿಕಲ್ 757. ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ.

ಇಲ್ಲಿ ಬಹಳ ಜನ ತಪ್ಪುವ ಜಾಗವೊಂದಿದೆ. ಬೆಲ್ಟಿನ ಎಳೆತದಿಂದಾಗುವ ಬಾಗನ್ನೂ δಗೆ ಸೇರಿಸಿಬಿಡುತ್ತಾರೆ. ಎಳೆತಕ್ಕೆ ದ್ರವ್ಯರಾಶಿ ಇಲ್ಲ. ಅದು ಶಾಫ್ಟನ್ನು ಒಂದು ಕಡೆ ಬಗ್ಗಿಸಿ ಹಿಡಿಯುತ್ತದೆ, ವೇಗವನ್ನು ಬದಲಿಸುವುದಿಲ್ಲ. δ ಬರೀ ಪುಲ್ಲಿಯ ಸ್ವಂತ ತೂಕದ್ದಾಗಿರಬೇಕು.

ಲೆಕ್ಕವನ್ನು ತಟ್ಟಿ ನೋಡಿದೆ. ಬೆಲ್ಟ್‌ಗಳನ್ನು ಬಿಚ್ಚಿ, ಕಂಪನ ಅಳೆಯುವ ಆ್ಯಪ್ ಇರುವ ಮೊಬೈಲನ್ನು ಪುಲ್ಲಿಗೆ ಟೇಪಿನಿಂದ ಕಟ್ಟಿ, ಮರದ ಸುತ್ತಿಗೆಯಿಂದ ಶಾಫ್ಟಿಗೆ ಒಂದು ಏಟು. 757 ಅಂದರೆ 12.6 ಹರ್ಟ್ಜ್ ಬರಬೇಕಿತ್ತು, ಬಂದದ್ದು 12. ಅರವತ್ತರಿಂದ ಗುಣಿಸಿ: 720! ಬೇರಿಂಗ್ ಹಿಡಿಯುವ ಪ್ಲಮ್ಮರ್ ಬ್ಲಾಕ್ ಕೂರಿಸಿದ್ದ ಚಾನೆಲ್ ಫ್ರೇಮು ತಾನೂ ಸ್ವಲ್ಪ ಬಾಗುತ್ತಿತ್ತು. ಲೆಕ್ಕ ಬೇರಿಂಗ್ ಅಲುಗದು ಎಂದುಕೊಳ್ಳುತ್ತದೆ, ಆದ್ದರಿಂದ ನಿಜವಾದ ಸಂಖ್ಯೆ ಕೆಳಗೇ ಬೀಳುತ್ತದೆ. ಓಡುವ ವೇಗ ಲೆಕ್ಕದ ಕ್ರಿಟಿಕಲ್‌ನ ಮುಕ್ಕಾಲು ದಾಟಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

"ಇಎನ್-24 ಹಾಕಿಬಿಡೋಣ ಸಾರ್, ಗಟ್ಟಿ ಇರುತ್ತೆ" ಎಂದರು ಫಿಟ್ಟರ್. ಗಟ್ಟಿ ಸರಿ, ಬಿಗಿ ಅಲ್ಲ. ಎಲ್ಲ ಉಕ್ಕೂ ಬಾಗುವುದರಲ್ಲಿ ಹೆಚ್ಚುಕಡಿಮೆ ಒಂದೇ. ದುಡ್ಡು ಹೋಗುತ್ತದೆ, 757 ಅಲ್ಲೇ ನಿಲ್ಲುತ್ತದೆ.

ಶಾಫ್ಟನ್ನು 50 ಮಿ.ಮೀ.ಗೆ ಏರಿಸಿದರೆ 1070 ಸಿಗುತ್ತಿತ್ತು, ಆದರೆ ಬೇರಿಂಗ್, ಬ್ಲಾಕ್, ಪುಲ್ಲಿಯ ಬೋರು ಎಲ್ಲವೂ ಹೊಸದು. ಎರಡೂ ಬೇರಿಂಗ್‌ಗಳನ್ನು 20 ಸೆಂ.ಮೀ. ಒಳಗೆ ತಂದು ನಡುವಿನ ದೂರವನ್ನು 1.6 ಮೀಟರ್ ಮಾಡಿದರೆ 1102. ಹಳೆಯ ಶಾಫ್ಟೇ ಸಾಕು. ಮಧ್ಯೆ ಮೂರನೇ ಬೇರಿಂಗ್ ಹಾಕುವುದನ್ನು ನಾನು ಒಪ್ಪಲಿಲ್ಲ, ಮೂರನ್ನು ಒಂದೇ ಗೆರೆಗೆ ತರುವ ತಲೆನೋವು ಸಾಯುವವರೆಗೂ ತಪ್ಪದು.

ಬೇರಿಂಗ್ ಸರಿಸಿ, ಮೋಟರ್ ಕಡೆಯ ಪುಲ್ಲಿಯನ್ನೂ ಅದರೊಡನೆ ತಂದು, ಹೊರಗೆ ಉಳಿದ ಬಾಲವನ್ನು ಕತ್ತರಿಸಿದೆವು. ಬಾಲ ಬಿಟ್ಟರೆ ಅದೇ ಬೀಸತೊಡಗುತ್ತದೆ. ಮೋಟರನ್ನೂ 20 ಸೆಂ.ಮೀ. ಸರಿಸಿ ಬೆಲ್ಟಿನ ಗೆರೆ ಹಿಡಿದೆವು.

ಮತ್ತೆ ತಟ್ಟಿದಾಗ 17 ಹರ್ಟ್ಜ್ ಹತ್ತಿರ, ಅಂದರೆ ಸುಮಾರು 1000 ಆರ್‌ಪಿಎಂ. ಓಡುವ ವೇಗ ಅದರ 0.72. ಪುಲ್ಲಿಯ ತೂಕದ ಕೇಂದ್ರ 0.2 ಮಿ.ಮೀ. ಪಕ್ಕಕ್ಕಿದ್ದರೆ ಈಗ ಶಾಫ್ಟ್ ಬಾಗುವುದೂ ಅಷ್ಟೇ, 0.2. ಅನುಪಾತ 0.95 ಇದ್ದರೆ ಅದೇ ದೋಷಕ್ಕೆ 1.8 ಮಿ.ಮೀ. ದಾಟುತ್ತದೆ.

ಕೊನೆಯ ಪರೀಕ್ಷೆಗೆ ಮೀಟರೂ ಬೇಡ. ಸ್ವಿಚ್ ಆಫ್ ಮಾಡಿ ನೋಡಬೇಕು. ಕಂಪನ ಒಂದೇ ಸಮನೆ ಇಳಿದರೆ ಶಾಫ್ಟ್ ಕ್ರಿಟಿಕಲ್‌ನ ಕೆಳಗೆ ಓಡುತ್ತಿತ್ತು. ಇಳಿಯುತ್ತ ಒಮ್ಮೆ ಜೋರಾಗಿ ಕುಣಿದು ಆಮೇಲೆ ಶಾಂತವಾದರೆ ಮೇಲೆ ಓಡುತ್ತಿತ್ತು. ಇಲ್ಲಿ ಒಂದೇ ಸಮನೆ ಇಳಿಯಿತು.

ಮುಂದೆ ಪುಲ್ಲಿ ಬದಲಿಸುವಾಗ ತೂಗಿ ನೋಡಿ ಹಾಕಲು ಮಿಲ್ಲಿನವರಿಗೆ ಹೇಳಿದ್ದೇನೆ. 15ರ ಜಾಗಕ್ಕೆ 25 ಕೆ.ಜಿ.ಯದು ಬಂದರೆ ಸಾವಿರದ ಆಸುಪಾಸಿನಲ್ಲಿರುವ ಕ್ರಿಟಿಕಲ್ 840ಕ್ಕೆ ಇಳಿಯುತ್ತದೆ, ಆಗ ಮತ್ತೆ ಬೇರಿಂಗ್ ಸರಿಸುವ ಕೆಲಸ.